ರಾಣಿ ಲಂಗದ ಒಳಗೆ ಏನಿದೆ?

“ಇಂಗ್ಲೆಂಡಿನ ಒಂದನೇ ಎಲಿಜಬೆತ್ ರಾಣಿಯ ಒಂದು ಚಿತ್ರದಲ್ಲಿ ಲಂಗ ಗೋಪುರದ ಹಾಗೆ, ಇನ್ನೊಂದರಲ್ಲಿ ಡ್ರಮ್ಮಿನ ಹಾಗೆ ಇದೆ. ಯಾಕೆ?”

ಎರಡರ ಒಳಗಿರುವ ಫಾರ್ದಿಂಗೇಲ್, ಅಂದರೆ ಲಂಗವನ್ನು ಅಗಲಿಸಿ ಹಿಡಿಯುವ ಒಳ ಆಸರೆ, ಬೇರೆ ಬೇರೆ. ಗೋಪುರದ ಹಾಗಿರುವ ಚಿತ್ರ 1546ರ ಸುಮಾರಿನದು, ಆಗ ಅವಳಿನ್ನೂ ರಾಜಕುಮಾರಿ, ಒಳಗಿರುವುದು ಸ್ಪೇನಿನ ಮಾದರಿ. ಒಳಲಂಗಕ್ಕೆ ಗಟ್ಟಿ ಬಳೆಗಳನ್ನು ಹೊಲಿದಿರುತ್ತಾರೆ, ಮೇಲೆ ಚಿಕ್ಕದು, ಕೆಳಗೆ ಹೋದಂತೆ ದೊಡ್ಡದು, ಹಾಗಾಗಿ ಮೇಲಿನ ದಪ್ಪ ರೇಷ್ಮೆ ನೆರಿಗೆ ಇಲ್ಲದೆ ನುಣ್ಣಗೆ ಇಳಿಯುತ್ತದೆ.

ಡ್ರಮ್ಮಿನ ಹಾಗಿರುವುದು 1592ರ ಸುಮಾರಿನ ಡಿಚ್ಲಿ ಚಿತ್ರ, ಅದರಲ್ಲಿರುವುದು ಚಕ್ರದ ಮಾದರಿ. ಬಟ್ಟೆ ಸೊಂಟದಿಂದ ಅಡ್ಡಕ್ಕೆ ಹೋಗಿ, ಅಂಚಿನಲ್ಲಿ ನೆಟ್ಟಗೆ ಕೆಳಗೆ ಬೀಳುತ್ತದೆ. ಗಮನಿಸಿ, ಚಕ್ರ ಮಟ್ಟಸವಾಗಿಲ್ಲ, ಮುಂದೆ ತಗ್ಗಿ ಹಿಂದೆ ಎದ್ದಿರುತ್ತದೆ. ಎದೆ ಮೇಲಿನ ಸ್ಟಮಕರ್, ಅಂದರೆ ತಲೆಕೆಳಗಾದ ತ್ರಿಕೋನದ ಗಟ್ಟಿ ತುಂಡು, ಅದರ ಉದ್ದನೆಯ ಚೂಪು ತುದಿ ಚಕ್ರದ ಮುಂಭಾಗವನ್ನು ಒತ್ತಿ ಹಿಡಿಯುತ್ತದೆ. ಗಂಡಸರೂ ಕಮ್ಮಿ ಇರಲಿಲ್ಲ ಬಿಡಿ, ಡಬ್ಲೆಟ್ ಎಂಬ ಬಿಗಿ ಮೇಲಂಗಿಯ ಒಳಗೆ ಹತ್ತಿ ತುಂಬಿ ಸುಮ್ನೆ ಹೊಟ್ಟೆ ಬರಿಸಿಕೊಳ್ಳುತ್ತಿದ್ದರು!