ಆಕಾಶದಲ್ಲಿ ಪಟ್ಟೆ, ಮಂಕಾದ ಕೆಂಪು: ಚಿತ್ರವನ್ನು ವೆಬ್‌ಗೆ ಉಳಿಸುವಾಗ

ಪ್ರಶ್ನೆ: "ನಾನು ಬಿಡಿಸಿದ ಡಿಜಿಟಲ್ ಚಿತ್ರ ಪಿಎನ್‌ಜಿಯಲ್ಲಿ ಚೆನ್ನಾಗಿದೆ. ಜೆಪೆಗ್ ಅಥವಾ ವೆಬ್‌ಪಿ ಮಾಡಿದ ಕೂಡಲೇ ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತೆ, ಕೆಂಪು ಮಂಕಾಗುತ್ತೆ. ಕ್ವಾಲಿಟಿ ಜಾಸ್ತಿ ಮಾಡಿದರೂ ಹೋಗಲ್ಲ. ಯಾವ ಫಾರ್ಮ್ಯಾಟ್ ಬಳಸಲಿ?"

ಪಟ್ಟೆಗೆ ಕಾರಣ ಬೇರೆ, ಕೆಂಪು ಮಂಕಾಗಲು ಕಾರಣ ಬೇರೆ. ಕ್ವಾಲಿಟಿ ಸ್ಲೈಡರ್ ಒಂದನ್ನೇ ಎಳೆದರೆ ಎರಡೂ ಪೂರ್ತಿ ಸರಿಹೋಗುವುದಿಲ್ಲ. ನಾನು ಮಕ್ಕಳ ಕಥೆಗಳಿಗೆ ಚಿತ್ರ ಬರೆಯುತ್ತೇನೆ. ದೀಪಾವಳಿಗೆ ಮಾಡಿದ ಒಂದು ಚಿತ್ರದಲ್ಲಿ ಈ ಎರಡು ತೊಂದರೆಗಳೂ ಒಟ್ಟಿಗೆ ಬಂದಿದ್ದವು. ಕಡುನೀಲಿ ಸಂಜೆ ಆಕಾಶ, ಅದರ ನಡುವೆ ತೂಗುವ ಕೆಂಪು ಆಕಾಶಬುಟ್ಟಿ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಚಿತ್ರದ ಎತ್ತರ 1080 ಪಿಕ್ಸೆಲ್. ಆಕಾಶದ ಬಣ್ಣ ಮೇಲ್ಗಡೆ (12, 18, 42), ಕೆಳಗಡೆ (30, 44, 90). ಲೆಕ್ಕ ಹಾಕಿ ನೋಡಿ. ಮೇಲಿಂದ ಕೆಳಗೆ ಬರುವಷ್ಟರಲ್ಲಿ ಹಸಿರು ಏರುವುದು 26 ಮೆಟ್ಟಿಲು ಮಾತ್ರ. ಒಟ್ಟು ಬೆಳಕಿನ ಏರಿಕೆಯೂ ಹೆಚ್ಚುಕಮ್ಮಿ 26 ಮೆಟ್ಟಿಲೇ. ಅಂದರೆ ಒಂದೊಂದು ಮೆಟ್ಟಿಲೂ ಸುಮಾರು 41 ಪಿಕ್ಸೆಲ್ ಅಗಲದ ಪಟ್ಟೆ. ಕತ್ತಲೆಯ ಬಣ್ಣಗಳಲ್ಲಿ ಇಷ್ಟು ಅಗಲದ ಪಟ್ಟೆಯ ಅಂಚನ್ನು ಕಣ್ಣು ಸುಲಭವಾಗಿ ಹಿಡಿಯುತ್ತದೆ. 8 ಬಿಟ್ ಚಿತ್ರದಲ್ಲಿ ಆ ಎರಡು ಬಣ್ಣಗಳ ನಡುವೆ ಇರುವುದೇ ಅಷ್ಟು ಮೆಟ್ಟಿಲು. ಇದರಲ್ಲಿ ಜೆಪೆಗ್‌ನ ತಪ್ಪಿಲ್ಲ.

ಹಾಗಾದರೆ ಪಿಎನ್‌ಜಿಯಲ್ಲಿ ಯಾಕೆ ಕಾಣಲಿಲ್ಲ? ಹೆಚ್ಚಾಗಿ ನಿಮ್ಮ ಬ್ರಷ್ ಅಥವಾ ಗ್ರೇಡಿಯೆಂಟ್ ಟೂಲ್ ಸದ್ದಿಲ್ಲದೆ ಡಿದರಿಂಗ್ ಮಾಡಿರುತ್ತದೆ. ಅಂದರೆ ಪಟ್ಟೆಯ ಅಂಚಿನಲ್ಲಿ ಅಕ್ಕಪಕ್ಕದ ಎರಡು ಬಣ್ಣಗಳ ಪಿಕ್ಸೆಲ್‌ಗಳನ್ನು ರಾಗಿ ಕಾಳು ಎರಚಿದ ಹಾಗೆ ಬೆರೆಸಿರುತ್ತದೆ. ದೂರದಿಂದ ಅಂಚು ಮಾಯ. ಜೆಪೆಗ್ ಕೊಲ್ಲುವುದು ಈ ಕಾಳನ್ನೇ. ಅದು ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದಲ್ಲೂ ಸರಾಸರಿ ಬೆಳಕನ್ನು ಜೋಪಾನ ಮಾಡುತ್ತದೆ, ಸಣ್ಣ ಏರಿಳಿತಗಳನ್ನು ಒರಟಾಗಿ ದುಂಡು ಮಾಡುತ್ತದೆ. ಡಿದರಿಂಗ್‌ನ ಕಾಳು ಒಂದು ಮೆಟ್ಟಿಲಿನಷ್ಟು ಚಿಕ್ಕದು. ದುಂಡು ಮಾಡಿದಾಗ ಅದು ಸೊನ್ನೆ. ಚೌಕ ಚಪ್ಪಟೆಯಾಗುತ್ತದೆ, ಅಡಗಿದ್ದ ಪಟ್ಟೆ ಮತ್ತೆ ಎದ್ದು ಕಾಣುತ್ತದೆ. ಸ್ಲೈಡರನ್ನು 80ರಿಂದ 90ಕ್ಕೆ ಏರಿಸಿದರೂ ಇಷ್ಟು ಸಣ್ಣ ಕಾಳು ಬಹುಪಾಲು ಉಳಿಯುವುದಿಲ್ಲ.

ನಿಮ್ಮ ಚಿತ್ರದಲ್ಲಿ ಯಾವುದು ಆಗಿದೆ ಎಂದು ತಿಳಿಯಲು 800 ಪ್ರತಿಶತ ಜೂಮ್ ಮಾಡಿ. ಓರೆಯಾಗಿ ಹೋಗುವ ಪಟ್ಟೆಯ ಅಂಚು 8 ಪಿಕ್ಸೆಲ್ ಚೌಕಗಳಲ್ಲಿ ಹಲ್ಲುಹಲ್ಲಾಗಿದ್ದರೆ ಅದು ಜೆಪೆಗ್ ಕೆಲಸ. ನುಣುಪಾದ ಗೆರೆಯಾಗಿದ್ದು ಪಿಎನ್‌ಜಿಯಲ್ಲೂ ಹಾಗೇ ಇದ್ದರೆ ತೊಂದರೆ ಮೂಲ ಚಿತ್ರದಲ್ಲೇ ಇದೆ. ಕಣ್ಣಿಗೆ ಗೊತ್ತಾಗದಿದ್ದರೆ ಆಕಾಶದ ಒಂದು ತುಂಡು ಕತ್ತರಿಸಿ ಕಾಂಟ್ರಾಸ್ಟ್ ಪೂರ್ತಿ ಎಳೆಯಿರಿ.

ವೆಬ್‌ಪಿಯ ವಿಷಯದಲ್ಲಿ ಇನ್ನೂ ಎರಡು ತೊಡಕಿವೆ. ಸಾಮಾನ್ಯ ವೆಬ್‌ಪಿ, ಅಂದರೆ ಕೆಲವು ವಿವರ ಬಿಟ್ಟು ಫೈಲನ್ನು ಚಿಕ್ಕದು ಮಾಡುವ ಲಾಸಿ ವಿಧ, ವಿಡಿಯೋ ಕೋಡೆಕ್ ಒಂದರಿಂದ ಬಂದದ್ದು. ಅದು ಬೆಳಕನ್ನು 0ಯಿಂದ 255ರವರೆಗೆ ಇಡದೆ 16ರಿಂದ 235ರೊಳಗೆ ಅದುಮಿ ಇಡುತ್ತದೆ. ನನ್ನ ಆಕಾಶದ 26 ಮೆಟ್ಟಿಲು ಅಲ್ಲಿ ಸುಮಾರು 22 ಆಗುತ್ತವೆ, ಪಟ್ಟೆ 48 ಪಿಕ್ಸೆಲ್‌ಗೆ ಹಿಗ್ಗುತ್ತದೆ. ಸಾಲದು ಎಂಬಂತೆ ಚೌಕಗಳ ಅಂಚು ಕಾಣದಿರಲಿ ಎಂದು ಅದು ಸವರುವ ಫಿಲ್ಟರ್, ಉಳಿದ ಕಾಳನ್ನೂ ಒರೆಸುತ್ತದೆ. ನುಣುಪಾದ ಕಡು ಬಣ್ಣದ ಚಿತ್ರಗಳಿಗೆ ನಾನು ಲಾಸಿ ವೆಬ್‌ಪಿ ಬಳಸುವುದೇ ಇಲ್ಲ.

ಇನ್ನು ಕೆಂಪು. ಜೆಪೆಗ್‌ನಲ್ಲಿ ಬಹುತೇಕ ಕಡೆ, ಲಾಸಿ ವೆಬ್‌ಪಿಯಲ್ಲಿ ಯಾವಾಗಲೂ, ಬಣ್ಣವನ್ನು 4:2:0 ರೀತಿಯಲ್ಲಿ ಉಳಿಸುತ್ತಾರೆ. ಬೆಳಕು ಪ್ರತಿ ಪಿಕ್ಸೆಲ್‌ಗೂ ಬೇರೆ ಬೇರೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. ಫೋಟೋದಲ್ಲಿ ಇದು ತಿಳಿಯುವುದೇ ಇಲ್ಲ. ಆದರೆ ಕಡುನೀಲಿಯ ಮೇಲೆ ಎರಡು ಪಿಕ್ಸೆಲ್ ಅಗಲದ ಕೆಂಪು ಗೆರೆ ಎಳೆದಿದ್ದರೆ ಕೆಂಪೂ ನೀಲಿಯೂ ಬೆರೆತು ಕೆಸರಾಗುತ್ತದೆ. ನನ್ನ ಆಕಾಶಬುಟ್ಟಿಯ ಬಾಲಂಗೋಚಿಗಳು ಹಾಗೇ ಕೆಟ್ಟಿದ್ದವು. ಬುಟ್ಟಿಯ ಮೈ ಮಾತ್ರ ಚೆನ್ನಾಗಿಯೇ ಇತ್ತು. ಸಣ್ಣ ಗೆರೆ, ಅಂಚು ಕೆಟ್ಟು ದೊಡ್ಡ ಭಾಗ ಸರಿಯಿದ್ದರೆ ಕಾರಣ ಇದೇ. ಜೆಪೆಗ್ ಉಳಿಸುವಾಗ 4:4:4 ಆರಿಸಿ. ಜಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಕಿಟಕಿಯ ಅಡ್ವಾನ್ಸ್ಡ್ ಭಾಗದಲ್ಲಿ ಇದೆ.

ಚಿತ್ರ ಇಡೀ ಮಂಕಾಗಿದ್ದರೆ ಅದು ಬೇರೆ ಕಥೆ. ನೀವು ಡಿಸ್‌ಪ್ಲೇ ಪಿ3 ಅಥವಾ ಅಡೋಬಿ ಆರ್‌ಜಿಬಿಯಲ್ಲಿ ಬರೆದಿದ್ದೀರಿ, ಉಳಿಸುವಾಗ ಬಣ್ಣದ ಪ್ರೊಫೈಲ್ ಬಿದ್ದುಹೋಗಿದೆ. ವೆಬ್‌ಪಿ ಮಾಡುವ `cwebp` ಟೂಲನ್ನು ಸುಮ್ನೆ ಓಡಿಸಿದರೆ ಅದು ಪ್ರೊಫೈಲನ್ನು ಕೈಬಿಡುತ್ತದೆ. ಉಳಿಸುವ ಮೊದಲೇ ಚಿತ್ರವನ್ನು ಎಸ್‌ಆರ್‌ಜಿಬಿಗೆ ಬದಲಿಸಿಬಿಡಿ. ಅಸೈನ್ ಅಲ್ಲ, ಕನ್ವರ್ಟ್. ಅಸೈನ್ ಮಾಡಿದರೆ ಅಂಕಿಗಳು ಹಾಗೇ ಉಳಿದು ಬಣ್ಣ ಬದಲಾಗುತ್ತದೆ.

ಪಟ್ಟೆಗೆ ಮದ್ದು ಜೆಪೆಗ್ ಕೊಲ್ಲಲಾಗದಷ್ಟು ದಪ್ಪ ಕಾಳು. ನಾನು 16 ಬಿಟ್‌ನಲ್ಲಿ ಚಿತ್ರ ಬರೆಯುತ್ತೇನೆ, ಕ್ರಿಟಾದಲ್ಲೂ ಇದು ಸಾಧ್ಯ. ಮುಗಿದ ಮೇಲೆ ವೆಬ್‌ಗೆ ಬೇಕಾದ ಅಳತೆಗೆ ಇಳಿಸುತ್ತೇನೆ. ಆಮೇಲೆ ಆಕಾಶದ ಮೇಲೆ ಮಾತ್ರ ಸುಮಾರು 1 ಪ್ರತಿಶತ ಕಪ್ಪುಬಿಳುಪು ನಾಯ್ಸ್ ಹಾಕುತ್ತೇನೆ. ಅಂದರೆ ಎರಡು, ಎರಡೂವರೆ ಮೆಟ್ಟಿಲು. ಕೊನೆಗೆ 8 ಬಿಟ್. ಈ ಕ್ರಮ ಮುಖ್ಯ. ಮೊದಲು ನಾಯ್ಸ್ ಹಾಕಿ ಆಮೇಲೆ 4000 ಪಿಕ್ಸೆಲ್ ಚಿತ್ರವನ್ನು 1000ಕ್ಕೆ ಇಳಿಸಿದರೆ ಹದಿನಾರು ಪಿಕ್ಸೆಲ್ ಸೇರಿ ಒಂದಾಗುತ್ತದೆ, ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ನಾನು ಮೊದಮೊದಲು ಮಾಡುತ್ತಿದ್ದ ತಪ್ಪು ಇದು.

ಕಾಳು ಉಳಿಯಬೇಕಾದರೆ ಕ್ವಾಲಿಟಿ 90ರ ಮೇಲಿರಲಿ. ಫೈಲು ದೊಡ್ಡದಾಗುತ್ತದೆ, ಅದನ್ನು ತಪ್ಪಿಸಲಾಗುವುದಿಲ್ಲ. ಪಿಎನ್‌ಜಿಯಂತೂ ನಾಯ್ಸ್ ಬಿದ್ದ ಕೂಡಲೇ ಊದಿಕೊಳ್ಳುತ್ತದೆ. ಹಾಗಾಗಿ ಇಂಥ ಚಿತ್ರಕ್ಕೆ ಪಿಎನ್‌ಜಿ ನನ್ನ ಮೂಲ ಪ್ರತಿ ಮಾತ್ರ. ವೆಬ್‌ಗೆ 10 ಬಿಟ್ ಎವಿಐಎಫ್ ಹಾಕುತ್ತೇನೆ, ಜೊತೆಗೆ ಹಳೆಯ ಬ್ರೌಸರ್‌ಗಳಿಗೆಂದು ಒಂದು ಜೆಪೆಗ್:

```
avifenc -d 10 -y 444 -q 80 akasha.png akasha.avif
magick akasha.png -sampling-factor 4:4:4 -quality 92 akasha.jpg
```

```
<picture>
  <source srcset="akasha.avif" type="image/avif">
  <img src="akasha.jpg" alt="ಆಕಾಶಬುಟ್ಟಿ">
</picture>
```

10 ಬಿಟ್‌ನಲ್ಲಿ ಮೆಟ್ಟಿಲುಗಳು ನಾಲ್ಕು ಪಟ್ಟು. ಮೂಲ 8 ಬಿಟ್ ಆಗಿದ್ದರೂ ಒಳಗಿನ ಲೆಕ್ಕದಲ್ಲಿ ಕಳೆದುಹೋಗುವುದು ಕಡಿಮೆ. ಕ್ರೋಮ್ 2020ರಿಂದ, ಫೈರ್‌ಫಾಕ್ಸ್ 2021ರಿಂದ, ಸಫಾರಿ 2022ರಿಂದ ಎವಿಐಎಫ್ ತೋರಿಸುತ್ತವೆ. ಆದರೆ ಕ್ವಾಲಿಟಿಯನ್ನು ತೀರಾ ಇಳಿಸಿದರೆ ಎವಿಐಎಫ್ ಕೂಡ ಕಾಳನ್ನು ನುಣ್ಣಗೆ ಒರೆಸಿಬಿಡುತ್ತದೆ, ಪಟ್ಟೆ ಮರಳಿ ಬರುತ್ತದೆ.

ನಿಮ್ಮ ಚಿತ್ರದಲ್ಲಿ ಗ್ರೇಡಿಯೆಂಟ್ ಇಲ್ಲದೆ ಬರೀ ಚಪ್ಪಟೆ ಬಣ್ಣಗಳಿದ್ದರೆ ಇಷ್ಟೆಲ್ಲ ಬೇಡ. `cwebp -lossless` ಸಾಕು, ಒಂದು ಪಿಕ್ಸೆಲ್ಲೂ ಕೆಡುವುದಿಲ್ಲ, ಸಾಮಾನ್ಯವಾಗಿ ಪಿಎನ್‌ಜಿಗಿಂತ ಚಿಕ್ಕದಾಗಿರುತ್ತದೆ.

ಒಂದು ಎಚ್ಚರಿಕೆ. ನನ್ನ ಚಿತ್ರವನ್ನು ಒಂದು ಜಾಲತಾಣಕ್ಕೆ ಏರಿಸಿದಾಗ ಅವರು ಅದನ್ನು ಮತ್ತೆ ಕುಗ್ಗಿಸಿ ಬೇರೆ ಜೆಪೆಗ್ ಮಾಡಿದ್ದರು, ಪಟ್ಟೆಗಳೆಲ್ಲ ವಾಪಸ್. ಏರಿಸಿದ ಮೇಲೆ ಅಲ್ಲಿಂದಲೇ ಇಳಿಸಿಕೊಂಡು ಜೂಮ್ ಮಾಡಿ ನೋಡಿ. ಅಳತೆ ಬದಲಾಗಿದ್ದರೆ ಅವರು ತೋರಿಸುವ ಅಳತೆಗೇ ನೀವು ಮೊದಲು ಇಳಿಸಿ, ನಾಯ್ಸ್ ಅನ್ನು 1.5 ಪ್ರತಿಶತಕ್ಕೆ ಏರಿಸಿ ಮತ್ತೆ ಹಾಕಿ. ನನಗೆ ಆ ತಾಣದಲ್ಲಿ ಕೆಲಸ ಮಾಡಿದ್ದು ಅದೇ.