ಜಲಚಕ್ರದ ಮೂರು ಹಾಳೆಗಳು: ಸುಲಭದ ಹಾಳೆಯಲ್ಲಿ ‘ಏಕೆ’ ಉಳಿದಿದೆಯೇ?

ನಮ್ಮ ಶಿಕ್ಷಕರ ಗುಂಪಿನಲ್ಲಿ ಒಬ್ಬ ಟೀಚರ್ ತಮ್ಮ ಹಾಳೆಗಳನ್ನು ಹಾಕಿ ಕೇಳಿದ ಪ್ರಶ್ನೆ: "ಆರನೇ ತರಗತಿಗೆ ಜಲಚಕ್ರದ ಬಗ್ಗೆ ಮೂರು ಹಂತದ ಓದುಹಾಳೆ ಮಾಡಿದ್ದೇನೆ. ಮೊದಲು ಕಷ್ಟದ್ದನ್ನು ಬರೆದು, ಆಮೇಲೆ ವಾಕ್ಯ ತುಂಡು ಮಾಡಿ, ಕಠಿಣ ಪದ ತೆಗೆದು ಸುಲಭದ್ದನ್ನು ಮಾಡಿದೆ. ಸುಲಭದ ಹಾಳೆಯವರು ತಡವರಿಸದೆ ಓದುತ್ತಾರೆ, ಆದರೆ ಮಳೆ ಹೇಗೆ ಬರುತ್ತದೆ ಎಂದು ಕೇಳಿದರೆ ಸುಮ್ಮನಿರುತ್ತಾರೆ. ಇನ್ನೂ ಸುಲಭ ಮಾಡಬೇಕೇ?"

ಬೇಡ, ಟೀಚರ್. ಇನ್ನೂ ತುಂಡು ಮಾಡಿದರೆ ಇನ್ನೂ ಕೆಡುತ್ತದೆ. ಈ ದಾರಿಯಲ್ಲಿ ನಾನೂ ನಡೆದು ಬಂದವಳಾದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನೀವು ಹಾಕಿರುವ ಸುಲಭದ ಹಾಳೆಯನ್ನೇ ನೋಡಿ: "ಸಮುದ್ರದ ನೀರು ಆವಿಯಾಗುತ್ತದೆ. ಆವಿ ಮೇಲೆ ಹೋಗುತ್ತದೆ. ಮೋಡ ಆಗುತ್ತದೆ. ಮಳೆ ಬರುತ್ತದೆ. ನೀರು ನದಿಗೆ ಸೇರುತ್ತದೆ." ಇದರಲ್ಲಿ ಒಂದು ವಾಕ್ಯಕ್ಕೂ ಮುಂದಿನದಕ್ಕೂ ನಂಟಿಲ್ಲ. ಆವಿ ಮೇಲೆ ಹೋದರೆ ಮೋಡ ಏಕೆ ಆಗಬೇಕು, ಮೋಡವಾದ ಮೇಲೆ ಅದು ಅಲ್ಲೇ ಏಕೆ ನಿಲ್ಲಬಾರದು ಎಂಬುದಕ್ಕೆ ಹಾಳೆಯಲ್ಲಿ ಉತ್ತರವೇ ಇಲ್ಲ. ವಾಕ್ಯ ತುಂಡು ಮಾಡುವಾಗ ‘ಆದ್ದರಿಂದ’, ‘ಏಕೆಂದರೆ’, ‘ಹೀಗಾದಾಗ’ ಎಂಬವು ಮೊದಲು ಉದುರಿಹೋಗಿವೆ. ವಿಷಯ ಗೊತ್ತಿರುವ ಮಗು ಆ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಗೊತ್ತಿಲ್ಲದ ಮಗುವಿಗೆ ತುಂಬಲು ಏನೂ ಇರುವುದಿಲ್ಲ. ನಿಮ್ಮ ಕಷ್ಟದ ಹಾಳೆಯಲ್ಲಿ ಮಾತ್ರ ಈ ಕೊಂಡಿಗಳೆಲ್ಲ ಸರಿಯಾಗಿವೆ. ಅಂದರೆ ಆಧಾರ ಬೇಕಾದವರಿಂದ ಅದನ್ನು ಕಿತ್ತು, ಬೇಡವಾದವರಿಗೆ ಕೊಟ್ಟ ಹಾಗೆ ಆಗಿದೆ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಡೇನಿಯೆಲ್ ಮೆಕ್‌ನಮಾರಾ, ವಾಲ್ಟರ್ ಕಿಂಟ್ಷ್ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಷಯದ ಹಿನ್ನೆಲೆ ಕಡಿಮೆಯಿದ್ದ ಓದುಗರಿಗೆ ಎಲ್ಲವನ್ನೂ ಬಿಡಿಸಿ, ಕೊಂಡಿ ಹಾಕಿ ಬರೆದ ಪಾಠ ನೆರವಾಯಿತು. ಹಿನ್ನೆಲೆ ಚೆನ್ನಾಗಿದ್ದವರು ಅಲ್ಲಲ್ಲಿ ಜಾಗ ಬಿಟ್ಟ ಪಾಠ ಓದಿದಾಗಲೇ ಹೆಚ್ಚು ಆಳವಾಗಿ ಅರ್ಥಮಾಡಿಕೊಂಡರು. ಹಾಗಾಗಿ ಸುಲಭದ ಹಾಳೆಯೇ ಮೂರರಲ್ಲಿ ಉದ್ದವಾಗಬಹುದು. ಅದಕ್ಕೆ ಹೆದರಬೇಡಿ.

ನಾನು ಇಡೀ ಜಲಚಕ್ರವನ್ನು ಒಂದು ಹಾಳೆಯಲ್ಲಿ ತುಂಬುವುದನ್ನೇ ಬಿಟ್ಟೆ. ಒಂದು ತುಂಡನ್ನು ಹಿಡಿದು ಅದನ್ನೇ ಮೂರು ಬಗೆಯಲ್ಲಿ ಬರೆಯುತ್ತೇನೆ. ನಮ್ಮ ಮಕ್ಕಳಿಗೆ ಹತ್ತಿರದ ತುಂಡು ಘಟ್ಟ ಮತ್ತು ಮಳೆ. ಸುಲಭದ ಹಾಳೆ ಹೀಗಿದೆ:

"ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ. ಈ ಗಾಳಿಯಲ್ಲಿ ನೀರಿನ ಆವಿ ತುಂಬ ಇರುತ್ತದೆ. ಆದರೆ ಆವಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗಾಳಿಗೆ ಎದುರಾಗಿ ಪಶ್ಚಿಮ ಘಟ್ಟ ನಿಂತಿದೆ. ಆದ್ದರಿಂದ ಗಾಳಿ ಘಟ್ಟದ ಮೇಲಕ್ಕೆ ಏರುತ್ತದೆ. ಮೇಲೆ ಏರಿದ ಹಾಗೆ ಗಾಳಿ ತಂಪಾಗುತ್ತದೆ. ಗಾಳಿ ತಂಪಾದ ಕಾರಣ ಅದರಲ್ಲಿದ್ದ ಆವಿ ತುಂಬ ಸಣ್ಣ ನೀರಿನ ಹನಿಗಳಾಗುತ್ತದೆ. ಇದಕ್ಕೆ ಸಾಂದ್ರೀಕರಣ ಎನ್ನುತ್ತಾರೆ. ಈ ಹನಿಗಳ ಗುಂಪೇ ಮೋಡ. ಹನಿಗಳು ಒಂದರ ಜೊತೆ ಒಂದು ಸೇರಿ ದೊಡ್ಡದಾಗುತ್ತವೆ. ದೊಡ್ಡ ಹನಿಗಳು ಭಾರವಾಗಿರುವುದರಿಂದ ಗಾಳಿಯಲ್ಲಿ ತೇಲಲಾರವು. ಆಗ ಅವು ಮಳೆಯಾಗಿ ಬೀಳುತ್ತವೆ."

ಎರಡನೆಯದು: "ಮುಂಗಾರಿನ ಗಾಳಿ ಅರಬ್ಬೀ ಸಮುದ್ರವನ್ನು ದಾಟಿ ಬರುವಾಗ ಬಹಳಷ್ಟು ನೀರಾವಿಯನ್ನು ಹೊತ್ತು ತರುತ್ತದೆ. ಪಶ್ಚಿಮ ಘಟ್ಟ ಅಡ್ಡವಾಗಿರುವುದರಿಂದ ಈ ಗಾಳಿ ಮೇಲೇರುತ್ತದೆ. ಎತ್ತರದಲ್ಲಿ ಒತ್ತಡ ಕಡಿಮೆ. ಅಲ್ಲಿಗೆ ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಂಪಾಗುತ್ತದೆ. ಆಗ ಆವಿಯು ಗಾಳಿಯಲ್ಲಿರುವ ಧೂಳು ಮತ್ತು ಉಪ್ಪಿನ ಕಣಗಳ ಮೇಲೆ ಸಾಂದ್ರೀಕರಣಗೊಂಡು ಮೋಡವಾಗುತ್ತದೆ. ಮೋಡದ ಹನಿಗಳು ಕೂಡಿಕೊಂಡು ದೊಡ್ಡದಾದಾಗ ಮಳೆ ಸುರಿಯುತ್ತದೆ."

ಮೂರನೆಯದು ಇದನ್ನೇ ಇನ್ನೂ ಬಿಗಿಯಾಗಿ ಹೇಳಿ, ಕೊನೆಗೆ ಹೀಗೆ ಮುಂದುವರಿಯುತ್ತದೆ: "ಮೋಡದ ಹನಿಯ ವ್ಯಾಸ ಸುಮಾರು 0.02 ಮಿಲಿಮೀಟರ್, ಮಳೆಹನಿಯದು ಸುಮಾರು 2 ಮಿಲಿಮೀಟರ್. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನೆತ್ತಿಯನ್ನು ದಾಟಿದ ಗಾಳಿ ಪೂರ್ವಕ್ಕೆ ಇಳಿಯುತ್ತದೆ. ಚಿತ್ರದುರ್ಗದಲ್ಲಿ ವರ್ಷದ ಸರಾಸರಿ ಮಳೆ 1,000 ಮಿಲಿಮೀಟರನ್ನೂ ಮುಟ್ಟುವುದಿಲ್ಲ." ಇಲ್ಲಿ ನಾನು ಬೇಕೆಂದೇ ಕಾರಣ ಹೇಳಿಲ್ಲ. ಏರುವ ಗಾಳಿ ತಂಪಾಗುವುದಾದರೆ ಇಳಿಯುವ ಗಾಳಿ ಬಿಸಿಯಾಗಬೇಕು ಎಂಬುದನ್ನು ಮಗುವೇ ಕಂಡುಕೊಳ್ಳಬೇಕು. ಒಂದು ಮಳೆಹನಿಗೆ ಮೋಡದ ಎಷ್ಟು ಹನಿ ಬೇಕು ಎಂದು ಕೇಳಿ ಬಿಟ್ಟರೆ ಸಾಕು. ವ್ಯಾಸ ನೂರು ಪಟ್ಟಾದರೆ ಗಾತ್ರ ಹತ್ತು ಲಕ್ಷ ಪಟ್ಟು ಎಂಬ ಲೆಕ್ಕ ಮಾಡುತ್ತ ಚುರುಕಿನ ಮಕ್ಕಳು ಅರ್ಧ ಪೀರಿಯಡ್ ತಾವಾಗಿ ಕೂರುತ್ತಾರೆ.

ಒಂದು ಎಚ್ಚರಿಕೆ. ಇಂಗ್ಲಿಷಿನ ಪಾಠಗಳಿಗೆ ಮಾಡಿದ ಕಷ್ಟದ ಅಳತೆಗಳನ್ನು, ಅಂದರೆ ವಾಕ್ಯದಲ್ಲಿ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಾಂಶ ಎಂದು ಎಣಿಸುವ ಸೂತ್ರಗಳನ್ನು, ದಯವಿಟ್ಟು ಕನ್ನಡಕ್ಕೆ ಹಚ್ಚಬೇಡಿ. ಪದ ಎಣಿಸಿ ಹಂತ ನಿರ್ಧರಿಸಿದ ಹಾಳೆಗಳನ್ನು ಈ ಗುಂಪಿನಲ್ಲಿ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕನ್ನಡದಲ್ಲಿ ಪ್ರತ್ಯಯ, ಸಂಧಿ ಎಲ್ಲ ಸೇರಿ ಪದವೇ ಉದ್ದವಾಗುತ್ತದೆ. ‘ತಂಪಾಗಿರುವುದರಿಂದ’ ಎಂಬುದು ಎಣಿಕೆಗೆ ಒಂದೇ ಪದ. ನಮ್ಮಲ್ಲಿ ನಿಜವಾದ ಭಾರ ಬೀಳುವುದು ಬೇರೆ ಎರಡು ಕಡೆ. ಒಂದು, ಒತ್ತಕ್ಷರ ಗುಂಪಾಗಿ ಬಂದಾಗ. ಇನ್ನೊಂದು, ವಿಶೇಷಣಗಳೆಲ್ಲ ನಾಮಪದಕ್ಕಿಂತ ಮೊದಲೇ ಸಾಲುಗಟ್ಟಿದಾಗ. "ಸಮುದ್ರದಿಂದ ಬಂದ ಗಾಳಿಯಲ್ಲಿ ಅಡಗಿದ್ದ, ಎತ್ತರಕ್ಕೇರಿ ತಂಪಾದ ಆವಿಯಿಂದ ಉಂಟಾದ ಹನಿಗಳು" ಎಂದು ಬರೆದರೆ ‘ಹನಿಗಳು’ ಬರುವ ತನಕ ಮಗು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡಿರಬೇಕು. ಸುಲಭದ ಹಾಳೆಯಲ್ಲಿ ನಾನು ಬಿಡಿಸುವುದು ಇಂಥ ಸಾಲನ್ನು. ಪ್ರತಿಯೊಂದು ಕ್ರಿಯೆಗೂ ಅದರದ್ದೇ ವಾಕ್ಯ, ಆ ವಾಕ್ಯಗಳ ನಡುವೆ ಕೊಂಡಿ. ಅಲ್ಲದೆ ‘ಅದು’, ‘ಇದು’ ಎಂದು ಬರೆಯುವ ಬದಲು ‘ಗಾಳಿ’, ‘ಆವಿ’ ಎಂದು ಹೆಸರನ್ನೇ ಮತ್ತೆ ಹೇಳುತ್ತೇನೆ. ದೊಡ್ಡವರಿಗೆ ಬೇಸರವಾಗಬಹುದು, ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತನಾಡಿ ಶಾಲೆಯಲ್ಲಿ ಮಾತ್ರ ಕನ್ನಡ ಓದುವ ಮಗುವಿಗೆ ಬೇಸರವಾಗುವುದಿಲ್ಲ.

‘ಸಾಂದ್ರೀಕರಣ’ ಸುಲಭದ ಹಾಳೆಯಲ್ಲಿ ಬೇಕೇ ಎಂಬುದು ಬೇರೆಯೇ ಜಗಳ. ಇದೇ ಪ್ರಶ್ನೆಗೆ ಉತ್ತರಿಸಿದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು, ಆ ಪದವನ್ನು ಮೊದಲ ಹಂತದಲ್ಲಿ ಮುಟ್ಟಲೇಬಾರದು, ಓದಿನ ಓಟವೇ ಕಡಿಯುತ್ತದೆ ಎಂದು ಬರೆದಿದ್ದಾರೆ. ಓದು ಕಲಿಸುವುದರಲ್ಲಿ ಸರ್ ನನಗಿಂತ ಬಹಳ ತಿಳಿದವರು, ಅವರ ಮಾತಿಗೆ ತೂಕವಿದೆ. ಆದರೂ ಮೂರೂ ಗುಂಪು ಒಂದೇ ಪರೀಕ್ಷೆ ಬರೆಯಬೇಕು, ಒಂದೇ ಚರ್ಚೆಯಲ್ಲಿ ಕೂರಬೇಕು. ಆದ್ದರಿಂದ ನಾನು ಸಂಗತಿಯನ್ನು ಮೊದಲು ಹೇಳಿ, ಹೆಸರನ್ನು ಆಮೇಲೆ ಒಂದೇ ಸಲ ತರುತ್ತೇನೆ. ಎರಡರಲ್ಲಿ ಯಾವುದು ಮೇಲೆಂದು ನಿಮ್ಮ ತರಗತಿಯಲ್ಲಿ ಮಾಡಿ ನೋಡಿ ಇಲ್ಲಿ ತಿಳಿಸಿ.

ಪಾತ್ರೆಯಲ್ಲಿ ನೀರು ಕುದಿಸಿ ಮುಚ್ಚಳದ ಹನಿ ತೋರಿಸಿದರೆ ಹಾಳೆಯೇ ಬೇಡ ಎಂದು ಗುಂಪಿನಲ್ಲಿ ಬರೆದ ಕಾರ್ಕಳದ ಸರ್ ಹೇಳಿದ್ದು ಅರ್ಧ ಸರಿ. ಕಣ್ಣಾರೆ ಕಂಡದ್ದು ಓದಿಗೆ ನೆರವಾಗುತ್ತದೆ. ಆದರೆ ಕುದಿಸಿ ತೋರಿಸಿದ ಮೇಲೆ, ಸಮುದ್ರವೂ ಕುದಿದರೆ ಮಾತ್ರ ಆವಿಯಾಗುತ್ತದೆ ಎಂದು ಮಕ್ಕಳು ಹಿಡಿದುಕೊಳ್ಳುತ್ತಾರೆ. ಪಾತ್ರೆಯ ಮೇಲೆ ಕಾಣುವ ಬಿಳಿ ಹೊಗೆಯನ್ನೇ ಆವಿ ಎಂದೂ ನಂಬುತ್ತಾರೆ. ಅದು ಆಗಲೇ ಹನಿಯಾಗಿರುವ ನೀರು. ಅದರ ಬದಲು ಸ್ಟೀಲ್ ಲೋಟದಲ್ಲಿ ಐಸ್ ಹಾಕಿದ ನೀರನ್ನು ಮೇಜಿನ ಮೇಲಿಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಲೋಟದ ಹೊರಗೆ ಹನಿ ಮೂಡಲು ಹೆಚ್ಚು ಹೊತ್ತು ಬೇಡ. ಒಳಗಿನ ನೀರೇ ಸೋರಿತು ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗಾಗಿ ನೀರಿಗೆ ಸ್ವಲ್ಪ ಬಣ್ಣ ಬೆರೆಸಿಡಿ. ಹೊರಗಿನ ಹನಿಗೆ ಬಣ್ಣವಿಲ್ಲ ಎಂಬುದನ್ನು ಅವರೇ ಹೇಳಲಿ. ಇದನ್ನು ಹಾಳೆ ಕೊಡುವ ಮೊದಲು ಮಾಡಿ, ನಂತರವಲ್ಲ.

ಹಾಳೆ ಸರಿಯಾಯಿತೇ ಎಂದು ತಿಳಿಯಲು, ಮೂರೂ ಗುಂಪಿಗೆ ಒಂದೇ ಪ್ರಶ್ನೆ ಕೇಳಿ: "ಘಟ್ಟ ಇಲ್ಲದಿದ್ದರೆ ಆಗುಂಬೆಯಲ್ಲಿ ಇಷ್ಟು ಮಳೆ ಬೀಳುತ್ತಿತ್ತೇ? ಏಕೆ?" ಇದರ ಉತ್ತರ ಯಾವ ಹಾಳೆಯಲ್ಲೂ ಹಾಗೇ ಬರೆದಿಲ್ಲವಾದ್ದರಿಂದ ನಕಲು ಮಾಡಿ ಪಾರಾಗಲು ಆಗುವುದಿಲ್ಲ. ಸುಲಭದ ಹಾಳೆಯವರು "ಗಾಳಿ ಮೇಲೆ ಹೋಗುತ್ತಿರಲಿಲ್ಲ, ತಂಪಾಗುತ್ತಿರಲಿಲ್ಲ" ಎಂಬಷ್ಟು ಹೇಳಿದರೂ ಹಾಳೆ ಗೆದ್ದಿತು. ಹೇಳದಿದ್ದರೆ ಕೂಡಲೇ ಹಾಳೆ ತಿದ್ದಲು ಹೋಗಬೇಡಿ. ಆ ಮಗುವಿಗೆ ಅದೇ ಹಾಳೆಯನ್ನು ನೀವೇ ನಿಧಾನವಾಗಿ ಓದಿ ಹೇಳಿ, ಪ್ರಶ್ನೆಯನ್ನು ಮತ್ತೆ ಕೇಳಿ. ಕೇಳಿದ ಮೇಲೆ ಉತ್ತರ ಬಂದರೆ ತೊಡಕಿರುವುದು ಅಕ್ಷರ ಕೂಡಿಸಿ ಓದುವುದರಲ್ಲಿ, ಅದಕ್ಕೆ ಬೇರೆ ಅಭ್ಯಾಸ ಬೇಕು. ಕೇಳಿದರೂ ಉತ್ತರ ಬಾರದಿದ್ದರೆ ಹಾಳೆಯ ಕೊಂಡಿ ಸಾಲದು, ಅಥವಾ ಲೋಟದ ಪಾಠ ಇನ್ನೂ ಮನಸ್ಸಿಗೆ ಇಳಿದಿಲ್ಲ.

ಸುಲಭದ ಹಾಳೆ ಕೊಟ್ಟ ಮಗುವನ್ನು ವರ್ಷವಿಡೀ ಅಲ್ಲೇ ಕೂರಿಸಬೇಡಿ. 1976ರಲ್ಲಿ ಮನೋವಿಜ್ಞಾನಿಗಳಾದ ವುಡ್, ಬ್ರೂನರ್ ಮತ್ತು ರಾಸ್ ಕಲಿಕೆಯ ವಿಚಾರದಲ್ಲಿ ‘ಆಧಾರ’ ಎಂಬ ಮಾತನ್ನು ಬಳಸಿದಾಗಲೂ, ಮಗುವಿಗೆ ತಾನೊಂದೇ ಮಾಡಲಾಗದ್ದನ್ನು ಮಾಡಲು ನೆರವಾಗುವ ಕೈ ಎಂಬ ಅರ್ಥವಿತ್ತೇ ಹೊರತು ಮಗುವಿನ ಮೇಲೆ ಅಂಟಿಸುವ ಚೀಟಿ ಎಂದಲ್ಲ. ಮೊದಲ ಹಾಳೆಗೆ ಉತ್ತರ ಹೇಳಿದ ಮಗುವಿಗೆ ಅದೇ ವಾರ ಎರಡನೆಯದನ್ನು ಕೊಡಿ. ವಿಷಯ ಈಗ ಗೊತ್ತಿರುವುದರಿಂದ ‘ಒತ್ತಡ’, ‘ಹಿಗ್ಗು’ ಮುಂತಾದ ಹೊಸ ಸಂಗತಿಗಳ ಮೇಲೆ ಮಾತ್ರ ಅದು ಗಮನ ಇಡಬಲ್ಲದು. ಹಾಳೆಗಳಿಗೆ ಎ, ಬಿ, ಸಿ ಎಂದು ಬರೆಯಬೇಡಿ, ಯಾವುದು ದಡ್ಡರದ್ದು ಎಂದು ಮಕ್ಕಳು ಒಂದೇ ದಿನದಲ್ಲಿ ಕಂಡುಹಿಡಿಯುತ್ತಾರೆ. ನಾನು ನೇತ್ರಾವತಿ, ಸ್ವರ್ಣಾ, ಸೀತಾ ಎಂದು ನದಿಗಳ ಹೆಸರಿಡುತ್ತೇನೆ, ಮತ್ತು ಮುಂದಿನ ಪಾಠದಲ್ಲಿ ಹೆಸರುಗಳನ್ನು ಅದಲುಬದಲು ಮಾಡುತ್ತೇನೆ.

ಮುದ್ರಣದ ಬಗ್ಗೆ ಇಷ್ಟು: ಸುಲಭದ ಹಾಳೆಗೆ 16 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ, ಸಾಲುಗಳ ನಡುವೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಷ್ಟು ಜಾಗ ಇರಲಿ. ನನಗೆ ನೋಟೊ ಸಾನ್ಸ್ ಕನ್ನಡ ಒಗ್ಗಿದೆ, ಒತ್ತುಗಳು ಬಿಡಿಸಿ ಕಾಣುತ್ತವೆ. ಅಲಂಕಾರದ ಫಾಂಟುಗಳು ಆಮಂತ್ರಣ ಪತ್ರಿಕೆಗೆ ಇರಲಿ. ಜೆರಾಕ್ಸಿನ ಜೆರಾಕ್ಸ್ ಮಾಡಿಸಬೇಡಿ. ‘ಸಾಂದ್ರೀಕರಣ’ದ ರವೊತ್ತು ಮೊದಲು ಅಳಿಸಿಹೋಗುವುದು ಅಲ್ಲಿಯೇ. ಮೂಲ ಪ್ರತಿಯಿಂದಲೇ ಪ್ರತಿ ಸಲ ತೆಗೆಸಿ.