ಶುಕ್ರವಾರದ ರಾಹುಕಾಲ 12 ಗಂಟೆಗೆ ಮುಗಿಯುತ್ತಾ?

ಪ್ರಶ್ನೆ: ಸಾರ್, ಫೆಬ್ರವರಿ ಎರಡನೇ ಶುಕ್ರವಾರ ತುಮಕೂರಿನಲ್ಲಿ ನಮ್ಮ ಅಂಗಡಿ ಪೂಜೆ. ಗೋಡೆ ಕ್ಯಾಲೆಂಡರ್‌ನಲ್ಲಿ ರಾಹುಕಾಲ 10:30ರಿಂದ 12 ಅಂತಿದೆ. ಮೊಬೈಲ್‌ನಲ್ಲಿ 11:07ರಿಂದ 12:35 ಅಂತ ತೋರಿಸುತ್ತೆ. ಅಭಿಜಿತ್ ಮುಹೂರ್ತ 12:12ಕ್ಕೇ ಶುರು ಅಂತಲೂ ಅದರಲ್ಲೇ ಇದೆ. ನಮ್ಮ ಮಾವ 12:05ಕ್ಕೆ ಬಾಗಿಲು ತೆಗೆಯೋಣ ಅಂತಾರೆ. ರಾಹುಕಾಲದ ಒಳಗೇ ಅಭಿಜಿತ್ ಹೇಗೆ ಬರುತ್ತೆ? ಗುಳಿಕ ಬೇರೆ ಇದೆ. ಯಾವುದನ್ನು ನಂಬೋದು?

– ಓದುಗರು, ತುಮಕೂರು

ಉತ್ತರ: 12:05 ಬೇಡ. ಆ ದಿನ ತುಮಕೂರಿನಲ್ಲಿ ಅದು ರಾಹುಕಾಲದ ಒಳಗೇ ಬೀಳುತ್ತದೆ. ಇನ್ನೊಂದು ಅರ್ಧ ಗಂಟೆ ತಡೆದು 12:40ಕ್ಕೆ ಬಾಗಿಲು ತೆಗೆಯಿರಿ. ಆಗ ರಾಹುಕಾಲ ಮುಗಿದಿರುತ್ತದೆ, ಅಭಿಜಿತ್ ಇನ್ನೂ ಇರುತ್ತದೆ. ಮೊಬೈಲ್ ಹೇಳಿದ್ದು ಸರಿ. ಯಾಕೆ ಅಂತ ನೀವೇ ಒಂದು ಹಾಳೆ, ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಬಹುದು.

ಮೊದಲು ಆ ದಿನದ ಸೂರ್ಯೋದಯ, ಸೂರ್ಯಾಸ್ತ ಬೇಕು. ಫೆಬ್ರವರಿ ಎರಡನೇ ವಾರದಲ್ಲಿ ತುಮಕೂರಿನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಸುಮಾರು 6:45ಕ್ಕೆ, ಮುಳುಗುವುದು ಸಂಜೆ ಸುಮಾರು 6:25ಕ್ಕೆ. ನಡುವೆ 11 ಗಂಟೆ 40 ನಿಮಿಷ, ಅಂದರೆ 700 ನಿಮಿಷ. ಇದೇ ಆ ದಿನದ ಹಗಲಿನ ಅಳತೆ. ಪಂಚಾಂಗದವರು ದಿನಮಾನ ಅನ್ನುವುದು ಇದಕ್ಕೇ.

ಈ ಹಗಲನ್ನು ಎಂಟು ಸಮಭಾಗ ಮಾಡಿ. ಒಂದೊಂದು ಭಾಗಕ್ಕೆ 87 ನಿಮಿಷ 30 ಸೆಕೆಂಡು ಬರುತ್ತದೆ. ಶುಕ್ರವಾರ ರಾಹುವಿಗೆ ನಾಲ್ಕನೇ ಭಾಗ. ಹಾಗಾಗಿ ಮೊದಲ ಮೂರು ಭಾಗ ಕಳೆಯಬೇಕು. ಮೂರು ಭಾಗ ಸೇರಿದರೆ 262 ನಿಮಿಷ 30 ಸೆಕೆಂಡು. 6:45ಕ್ಕೆ ಅಷ್ಟು ಕೂಡಿಸಿದರೆ 11:07 ದಾಟಿ ಅರ್ಧ ನಿಮಿಷ. ಅಲ್ಲಿಂದ ಒಂದು ಭಾಗ ಮುಂದೆ ಹೋದರೆ 12:35. ನಿಮ್ಮ ಮೊಬೈಲ್ ತೋರಿಸಿದ್ದು ಇದನ್ನೇ.

ಕ್ಯಾಲೆಂಡರ್‌ನಲ್ಲಿರುವುದು ಸುಳ್ಳು ಅಂತಲ್ಲ. ಸೂರ್ಯ ಸರಿಯಾಗಿ 6ಕ್ಕೆ ಹುಟ್ಟಿ 6ಕ್ಕೆ ಮುಳುಗುತ್ತಾನೆ ಅಂತ ಇಟ್ಟುಕೊಂಡು ಮಾಡಿದ ಪಟ್ಟಿ ಅದು. ಆಗ ಒಂದು ಭಾಗಕ್ಕೆ ಸರಿಯಾಗಿ ಒಂದೂವರೆ ಗಂಟೆ. ಸೋಮವಾರ ಏಳೂವರೆಗೆ ಶುರು, ಶನಿವಾರ 9ಕ್ಕೆ, ಶುಕ್ರವಾರ ಹತ್ತೂವರೆಗೆ, ಬುಧವಾರ 12ಕ್ಕೆ, ಗುರುವಾರ ಒಂದೂವರೆಗೆ, ಮಂಗಳವಾರ 3ಕ್ಕೆ, ಭಾನುವಾರ ನಾಲ್ಕೂವರೆಗೆ. ಬಾಯಿಪಾಠಕ್ಕೆ ಇದು ಚೆನ್ನಾಗಿದೆ. ಎಷ್ಟನೇ ಭಾಗ ಅನ್ನುವುದು ಇದರಿಂದ ನೆನಪಿರುತ್ತದೆ. ಆದರೆ ಗಂಟೆಯನ್ನು ಆಯಾ ದಿನದ ಸೂರ್ಯನಿಂದಲೇ ತೆಗೆಯಬೇಕು.

ಇನ್ನು ಅಭಿಜಿತ್. ಇದಕ್ಕೆ ಹಗಲನ್ನು ಎಂಟು ಭಾಗ ಮಾಡುವುದಿಲ್ಲ, ಹದಿನೈದು ಭಾಗ ಮಾಡುತ್ತಾರೆ. ಒಂದೊಂದು ಭಾಗವೂ ಒಂದು ಮುಹೂರ್ತ. ಎಂಟನೆಯದು ಅಭಿಜಿತ್. ಆ ಕಡೆ ಏಳು, ಈ ಕಡೆ ಏಳು, ನಡುವೆ ಇದು. ಹಾಗಾಗಿ ಅಭಿಜಿತ್‌ನ ನಟ್ಟನಡುವೆ ಯಾವತ್ತೂ ನಡುಹಗಲು ಇರುತ್ತದೆ. ನಿಮ್ಮ ದಿನಕ್ಕೆ 700 ನಿಮಿಷವನ್ನು 15ರಿಂದ ಭಾಗಿಸಿದರೆ 46 ನಿಮಿಷ 40 ಸೆಕೆಂಡು. ನಡುಹಗಲು 12:35ಕ್ಕೆ. ಅದರಿಂದ ಹಿಂದೆ 23 ನಿಮಿಷ, ಮುಂದೆ 23 ನಿಮಿಷ. ಸುಮಾರು 12:12ರಿಂದ 12:58ರವರೆಗೆ ಆಯಿತು.

ಈಗ ನಿಮ್ಮ ಗೊಂದಲ ಬಿಡಿಸಬಹುದು. ಎಂಟು ಭಾಗದಲ್ಲಿ ನಾಲ್ಕನೆಯದು ಮುಗಿಯುವುದು ಎಲ್ಲಿ? ಸರಿಯಾಗಿ ನಡುಹಗಲಿಗೆ. ಅಭಿಜಿತ್ ಆ ನಡುಹಗಲಿನ ಎರಡೂ ಕಡೆ ಚಾಚಿಕೊಂಡಿದೆ. ಹಾಗಾಗಿ ವರ್ಷದ ಪ್ರತಿ ಶುಕ್ರವಾರವೂ, ಯಾವ ಊರಿನಲ್ಲೇ ಆಗಲಿ, ಅಭಿಜಿತ್‌ನ ಮೊದಲರ್ಧ ರಾಹುಕಾಲದ ಒಳಗೇ ಇರುತ್ತದೆ. ಎರಡನೇ ಅರ್ಧ ಹೊರಗಿರುತ್ತದೆ. ಇದು ಆ್ಯಪಿನ ತಪ್ಪಲ್ಲ.

ಅಭಿಜಿತ್ ಎಲ್ಲ ದೋಷವನ್ನೂ ಕಳೆಯುತ್ತದೆ, ರಾಹುಕಾಲ ಇದ್ದರೂ ಪರವಾಗಿಲ್ಲ ಅನ್ನುವವರೂ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ದೋಷವಿಲ್ಲದ 23 ನಿಮಿಷ ಕೈಯಲ್ಲಿರುವಾಗ ದೋಷ ಇರುವ 23 ನಿಮಿಷಕ್ಕೆ ಯಾಕೆ ಕೈ ಹಾಕಬೇಕು?

ಬುಧವಾರ ಮಾತ್ರ ಈ ದಾರಿ ಇಲ್ಲ. ಬುಧವಾರ ನಾಲ್ಕನೇ ಭಾಗ ಗುಳಿಕನದು, ಐದನೇ ಭಾಗ ರಾಹುವಿನದು. ಅಭಿಜಿತ್‌ನ ಮೊದಲರ್ಧ ಗುಳಿಕದಲ್ಲಿ, ಉಳಿದರ್ಧ ರಾಹುವಿನಲ್ಲಿ ಮುಳುಗಿಹೋಗುತ್ತದೆ. ಬುಧವಾರ ಅಭಿಜಿತ್ ಹಿಡಿಯಬಾರದು ಅಂತ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ. ಅವತ್ತಿನ ಭಾಗಗಳನ್ನು ಒಂದು ಗೆರೆಯ ಮೇಲೆ ಬರೆದು ನೋಡಿದರೆ ಆ ಮಾತು ಕಣ್ಣಿಗೇ ಕಾಣುತ್ತದೆ.

ಗುಳಿಕನ ಭಾಗ ಕಂಡುಹಿಡಿಯುವುದು ಇನ್ನೂ ಸುಲಭ, ಅದರಲ್ಲಿ ಒಂದು ಕ್ರಮ ಇದೆ. ಯಾವ ವಾರವೋ ಆ ವಾರದ ಗ್ರಹಕ್ಕೆ ಮೊದಲ ಭಾಗ ಕೊಡಿ. ಆಮೇಲೆ ವಾರಗಳ ಸಾಲಿನಲ್ಲೇ ಎಣಿಸುತ್ತಾ ಹೋಗಿ. ಶನಿಯ ಭಾಗ ಎಲ್ಲಿ ಬರುತ್ತದೋ ಅದೇ ಗುಳಿಕ ಕಾಲ. ಶುಕ್ರವಾರ ಮೊದಲನೆಯದು ಶುಕ್ರನಿಗೆ, ಎರಡನೆಯದು ಶನಿಗೆ. ಹಾಗಾಗಿ ನಿಮಗೆ ಗುಳಿಕ 8:12ರಿಂದ 9:40. ಹೀಗೇ ಎಣಿಸಿದಾಗ ಗುರುವಿನ ಭಾಗ ಬರುವ ಕಡೆ ಯಮಗಂಡ. ಅದು ನಿಮಗೆ ಏಳನೇ ಭಾಗ, ಮಧ್ಯಾಹ್ನ 3:30ರಿಂದ 4:57. ನಿಮ್ಮ ಪೂಜೆಗೆ ಅದು ಅಡ್ಡ ಬರುವುದಿಲ್ಲ. ರಾಹುವಿಗೆ ಮಾತ್ರ ಈ ಎಣಿಕೆ ಹೊಂದುವುದಿಲ್ಲ. ಅದನ್ನು ಬಾಯಿಪಾಠದಿಂದಲೇ ನೆನಪಿಡಬೇಕು.

ನಿಮ್ಮ ಮಾವನವರಿಗೆ ಒಂದು ಸಂಶಯ ಬಂದೇ ಬರುತ್ತದೆ. ನಡುಹಗಲು ಅಂದರೆ 12 ಗಂಟೆ ಅಲ್ವಾ, 12:35 ಎಲ್ಲಿಂದ ಬಂತು ಅಂತ. ಇದಕ್ಕೆ ಎರಡು ಕಾರಣ ಇದೆ. ನಮ್ಮ ಗಡಿಯಾರ ತುಮಕೂರಿನದಲ್ಲ. ಅತ್ತ ಪೂರ್ವದಲ್ಲಿ, ಆಂಧ್ರದ ಕಾಕಿನಾಡದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. 1906ರಿಂದ ದೇಶಕ್ಕೆ ಅದೇ ಸಮಯ. ತುಮಕೂರು ಇರುವುದು ಸುಮಾರು 77.1 ಡಿಗ್ರಿಯಲ್ಲಿ. ಸೂರ್ಯ ಒಂದು ಡಿಗ್ರಿ ದಾಟಲು 4 ನಿಮಿಷ ತೆಗೆದುಕೊಳ್ಳುತ್ತಾನೆ. ಅಲ್ಲಿಂದ ನಮ್ಮ ತಲೆಯ ಮೇಲೆ ಬರಲು 21 ನಿಮಿಷ ಚಿಲ್ಲರೆ ಬೇಕು. ಕೋಲಾರ ಇನ್ನೂ ಪೂರ್ವಕ್ಕಿದೆ, 78.1 ಡಿಗ್ರಿ. ಅಲ್ಲಿ ನಮಗಿಂತ 4 ನಿಮಿಷ ಮೊದಲೇ ನಡುಹಗಲು.

ಎರಡನೆಯದು, ಸೂರ್ಯ ವರ್ಷವಿಡೀ ಗಡಿಯಾರದ ಹಾಗೆ ಒಂದೇ ವೇಗದಲ್ಲಿ ಸಾಗುವುದಿಲ್ಲ. ಫೆಬ್ರವರಿ ಎರಡನೇ ವಾರದಲ್ಲಿ ಗಡಿಯಾರಕ್ಕಿಂತ 14 ನಿಮಿಷ ಹಿಂದಿರುತ್ತಾನೆ. ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಮುಂದಿರುತ್ತಾನೆ. ಫೆಬ್ರವರಿಯಲ್ಲಿ 21ಕ್ಕೆ 14 ಸೇರಿ 35 ಆಯಿತು. ನವೆಂಬರ್‌ನಲ್ಲಿ 21ರಲ್ಲಿ 16 ಕಳೆದು 5 ನಿಮಿಷ ಮಾತ್ರ ಉಳಿಯಿತು. ಅಂದರೆ ನವೆಂಬರ್‌ನ ಶುಕ್ರವಾರ ರಾಹುಕಾಲ 12:05ರ ಸುಮಾರಿಗೇ ಮುಗಿಯುತ್ತದೆ, ಕ್ಯಾಲೆಂಡರ್ ಗಂಟೆಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ನಿಮ್ಮ ಮಾವ ದೀಪಾವಳಿ ಹೊತ್ತಿನಲ್ಲಿ ಕ್ಯಾಲೆಂಡರ್ ನೋಡಿ ಕೆಲಸ ಮಾಡಿದ್ದರೆ ಅದು ಸರಿಯಾಗೇ ಇದ್ದಿರಬಹುದು. ಫೆಬ್ರವರಿಯಲ್ಲಿ ಅದೇ ಲೆಕ್ಕ ಅರ್ಧ ಗಂಟೆಗಿಂತ ಜಾಸ್ತಿ ತಪ್ಪುತ್ತದೆ.

ಅವರಿಗೆ ಮೊಬೈಲ್ ಮೇಲೆ ನಂಬಿಕೆ ಬರದಿದ್ದರೆ ಅಂಗಳದಲ್ಲಿ ನೋಡಿಸಿ. ಪೂಜೆಗೆ ಎರಡು ದಿನ ಮೊದಲು ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ. ವಾಲಬಾರದು, ಗಾರೆಯವರ ತೂಕದ ಗುಂಡು ಇಳಿಬಿಟ್ಟು ನೋಡಿಕೊಳ್ಳಿ. 11:35ರ ಹೊತ್ತಿಗೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ. ಕೋಲಿನ ಬುಡಕ್ಕೆ ಹಗ್ಗ ಕಟ್ಟಿ, ಆ ಗುರುತಿನ ಅಳತೆಗೆ ನೆಲದ ಮೇಲೆ ಸುತ್ತು ಗೆರೆ ಎಳೆಯಿರಿ. ನೆರಳು ಕುಗ್ಗುತ್ತಾ ಗೆರೆಯಿಂದ ಒಳಗೆ ಹೋಗುತ್ತದೆ. ತೀರಾ ಚಿಕ್ಕದಾದಾಗ ಸುಮಾರು ಅರ್ಧ ಮೀಟರ್ ಇರುತ್ತದೆ, ಸರಿಯಾಗಿ ಉತ್ತರಕ್ಕೆ ಬಿದ್ದಿರುತ್ತದೆ. ಆಮೇಲೆ ಮತ್ತೆ ಬೆಳೆದು ಇನ್ನೊಂದು ಕಡೆ ಗೆರೆ ಮುಟ್ಟುತ್ತದೆ. ಆಗಿನ ಗಂಟೆ ಬರೆದುಕೊಳ್ಳಿ. 1:35ರ ಆಸುಪಾಸು ಇರುತ್ತದೆ. ಎರಡು ಗಂಟೆಗಳ ಸರಿ ನಡುವೆ ನಿಮ್ಮ ಊರಿನ ನಡುಹಗಲು. ನೆರಳು ಚಿಕ್ಕದಾಗುವ ಕ್ಷಣವನ್ನೇ ಹಿಡಿಯಲು ಹೋಗಬೇಡಿ. ಆ ಹೊತ್ತಿನಲ್ಲಿ ಅದರ ಉದ್ದ ಬದಲಾಗುವುದೇ ಗೊತ್ತಾಗುವುದಿಲ್ಲ. ಅದಕ್ಕೇ ಎರಡು ಗುರುತು.

ಎರಡು ಪಂಚಾಂಗದಲ್ಲಿ ಸೂರ್ಯೋದಯವೇ ಮೂರು ನಿಮಿಷ ಬೇರೆ ಇದ್ದರೆ ಗಾಬರಿ ಬೇಡ. ಬಿಂಬದ ಮೇಲಿನ ಅಂಚು ಕಂಡಾಗ ಉದಯ ಅಂತ ಕೆಲವರು ಹಿಡಿಯುತ್ತಾರೆ, ಬಿಂಬದ ನಡು ದಿಗಂತಕ್ಕೆ ಬಂದಾಗ ಅಂತ ಕೆಲವರು. ಉದಯ ಮೂರು ನಿಮಿಷ ತಡವಾದರೆ ಅಸ್ತ ಅಷ್ಟೇ ಬೇಗ ಆಗುತ್ತದೆ, ನಡುಹಗಲು ಅಲುಗುವುದಿಲ್ಲ. ಹಾಗಾಗಿ ನಿಮ್ಮ 12:35 ಎರಡು ಲೆಕ್ಕದಲ್ಲೂ ಅದೇ. ತಪ್ಪಾಗುವುದು ಬೇರೆ ಕಡೆ: ಆ್ಯಪ್‌ನಲ್ಲಿ ಊರು ಬೇರೆ ಇದ್ದರೆ. ಒಮ್ಮೆ ತೆರೆದು ತುಮಕೂರು ಅಂತ ಇದೆಯಾ ನೋಡಿಕೊಳ್ಳಿ. ದೇವರಾಯನದುರ್ಗದ ಕಡೆ ಬೆಟ್ಟದ ಮೇಲೆ ಸೂರ್ಯ ಕಂಡ ಗಂಟೆಯನ್ನೂ ಹಿಡಿಯಬೇಡಿ. ಬೆಟ್ಟ ಅಡ್ಡ ಇದ್ದರೆ ಅವನು ತಡವಾಗಿ ಕಾಣುತ್ತಾನೆ. ಲೆಕ್ಕಕ್ಕೆ ಬೇಕಾದದ್ದು ಬಯಲಿನ ದಿಗಂತದ ಉದಯ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದೆಲ್ಲ ವಾರದ ಮೇಲೆ, ಸೂರ್ಯನ ಮೇಲೆ ನಿಂತ ಲೆಕ್ಕ. ಆ ದಿನದ ತಿಥಿ, ನಕ್ಷತ್ರ, ನಿಮ್ಮ ತಾರಾಬಲ ಇದರಲ್ಲಿ ಬರುವುದಿಲ್ಲ. ಅದನ್ನು ನಿಮ್ಮ ಪುರೋಹಿತರ ಹತ್ತಿರ ಬೇರೆಯಾಗಿ ಕೇಳಿಕೊಳ್ಳಿ.

ಬೆಳಿಗ್ಗೆಯ ಗುಳಿಕಕ್ಕೆ ಹೆದರಬೇಡಿ. ಆ ಹೊತ್ತಿನಲ್ಲಿ ಮಾಡಿದ್ದು ಮತ್ತೆ ಮತ್ತೆ ಆಗುತ್ತದೆ ಅನ್ನುವುದು ನಮ್ಮಲ್ಲಿನ ನಂಬಿಕೆ. ಅದಕ್ಕೇ ಶವಸಂಸ್ಕಾರ, ಸಾಲ ತರುವುದು ಆಗ ಬೇಡ ಅನ್ನುತ್ತಾರೆ. ಸರಕು ತುಂಬಿಸುವುದಕ್ಕೆ ಅದು ಒಳ್ಳೆಯದೇ. 8:12ರಿಂದ 9:40ರ ಒಳಗೆ ಮೊದಲ ಮೂಟೆ ಅಂಗಡಿ ಬಾಗಿಲಿಗೆ ತಂದಿಳಿಸಿ. ಬ್ಯಾಂಕ್ ಸಾಲದ ಪತ್ರ ಏನಾದರೂ ಇದ್ದರೆ ಆ ಹೊತ್ತಿಗೆ ಸಹಿ ಹಾಕಬೇಡಿ. ಗಣಪತಿ ಪೂಜೆ 11 ಗಂಟೆ ಒಳಗೆ ಶುರುವಾಗಲಿ, ಅದು ರಾಹುಕಾಲದಲ್ಲಿ ಮುಂದುವರಿದರೆ ತೊಂದರೆ ಇಲ್ಲ, ಶುರು ಮಾಡುವ ಕ್ಷಣ ಮಾತ್ರ ಮುಖ್ಯ. ಬಾಗಿಲು ತೆಗೆದು ಬಲಗಾಲು ಒಳಗಿಡುವುದು, ಗಲ್ಲಾಪೆಟ್ಟಿಗೆಗೆ ಮೊದಲ ದುಡ್ಡು ಹಾಕುವುದು ಎರಡೂ 12:40ರಿಂದ 12:55ರ ನಡುವೆ ಮುಗಿಸಿ.